ನೀರು ತೊಳೆಯದ ರಕ್ತ

ಮಂಗಳೂರಿನ ಓದುಗರ ಬಳಗವೊಂದರ ಸಂಜೆಯ ಸಭೆಯಲ್ಲಿ ನಾನು ಮಾತನಾಡಿದ್ದನ್ನು, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲಿ ಸೇರಿಸಿಕೊಂಡು, ಇಲ್ಲಿ ಬರಹಕ್ಕೆ ಇಳಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಈ ಊರಿನಲ್ಲಿ ಬಾಡಿಗೆ ಮನೆ ಹುಡುಕಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮನೆಯ ಯಜಮಾನರು ಸಭ್ಯರು, ಓದಿದವರು. ಬಾಡಿಗೆ, ಮುಂಗಡ, ನೀರಿನ ಬಿಲ್ಲು ಎಲ್ಲವೂ ಮಾತಾಗಿ, ಕೊನೆಗೆ ಹುಡುಗನ ಹೆಸರು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಅವನು ನಮಾಜು ಮಾಡುವವನಲ್ಲ, ದೇವರನ್ನೇ ನಂಬುವವನಲ್ಲ, ಈ ವಿಷಯದಲ್ಲಿ ಮನೆಯವರೊಡನೆ ಜಗಳವಾಡಿಕೊಂಡು ಬಂದವನು ಎಂದು ನಾನು ಹೇಳಿದೆ. ಯಜಮಾನರು ತುಂಬ ಸಂಕೋಚದಿಂದಲೇ ಉತ್ತರಿಸಿದರು: "ಅದೆಲ್ಲ ಸರಿ ಸರ್, ನೀವು ಹೇಳಿದ ಮೇಲೆ ನಂಬಿಕೆ ಉಂಟು. ಆದರೂ ಅವರು ಅವರೇ ಅಲ್ವಾ?"

ಮನೆ ಸಿಗಲಿಲ್ಲ. ನನ್ನನ್ನು ಕಾಡಿದ್ದು ಆ ಕೊನೆಯ ವಾಕ್ಯ. ಒಬ್ಬನ ನಂಬಿಕೆಯ ಬಗ್ಗೆ ತಕರಾರು ಇದ್ದರೆ ನಂಬಿಕೆ ಹೋದಾಗ ತಕರಾರೂ ಹೋಗಬೇಕು. ಇಲ್ಲಿ ನಂಬಿಕೆ ಹೋಗಿತ್ತು, ತಕರಾರು ಹಾಗೆಯೇ ಉಳಿದಿತ್ತು. ಹಾಗಾದರೆ ಅದು ಎಲ್ಲಿ ನೆಲೆಸಿತ್ತು? ಹೆಸರಿನಲ್ಲಿ, ತಂದೆತಾಯಿಯಲ್ಲಿ, ಹುಟ್ಟಿನಲ್ಲಿ. ಒಂದು ಮತವನ್ನು ಅನುಸರಿಸುವವರನ್ನು ಹುಟ್ಟಿನಿಂದಲೇ ಬೇರೆಯಾದ, ಮೈಯಲ್ಲೇ ಒಂದು ಗುಣವನ್ನು ಹೊತ್ತು ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ಜನಾಂಗವೆಂದು ನೋಡತೊಡಗುವುದನ್ನು ಸಮಾಜಶಾಸ್ತ್ರದವರು ಮತದ ಜನಾಂಗೀಕರಣ ಎನ್ನುತ್ತಾರೆ. ಪದ ತುಸು ಒರಟು, ಆದರೆ ಕೆಲಸಕ್ಕೆ ಬರುತ್ತದೆ. ಜನಾಂಗ ಎಂಬುದು ಮೊದಲೇ ಇದ್ದು ಆಮೇಲೆ ದ್ವೇಷ ಹುಟ್ಟುವುದಿಲ್ಲ. ಯಾರೋ, ಯಾವುದೋ ಕಾರಣಕ್ಕೆ, ಕಾಗದ ಮತ್ತು ಕಾನೂನು ಹಿಡಿದುಕೊಂಡು, ಒಂದು ಗುಂಪನ್ನು ಜನಾಂಗವನ್ನಾಗಿ ಮಾಡುತ್ತಾರೆ ಎಂಬ ಅರ್ಥ ಆ ಪದದೊಳಗೇ ಇದೆ. ಅದನ್ನು ಮಾಡಿದ ಬಗೆ ಹೆಜ್ಜೆ ಹೆಜ್ಜೆಯಾಗಿ ದಾಖಲಾಗಿರುವ ಒಂದು ಊರಿದೆ. ಅದು ಸ್ಪೇನಿನ ತೊಲೆದೊ. ವರ್ಷ 1449.

ಆ ವರ್ಷದ ಕಥೆಗೆ ಅರುವತ್ತು ವರ್ಷಗಳ ಹಿನ್ನೆಲೆ ಇದೆ. 1391ರಲ್ಲಿ ಸೆವಿಲ್ ನಗರದಲ್ಲಿ ಯಹೂದಿಗಳ ಕೇರಿಗಳ ಮೇಲೆ ದಾಳಿ ನಡೆದು, ಅದು ಒಂದೇ ಬೇಸಿಗೆಯಲ್ಲಿ ಊರಿಂದೂರಿಗೆ ಹಬ್ಬಿತು. ಸಾವಿರಾರು ಮಂದಿ ಸತ್ತರು. ಇನ್ನೂ ಹೆಚ್ಚು ಮಂದಿ ಜೀವ ಉಳಿಸಿಕೊಳ್ಳಲು ಜ್ಞಾನಸ್ನಾನ ಪಡೆದು ಕ್ರೈಸ್ತರಾದರು. ಚರ್ಚಿನ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿತ್ತು: ಜ್ಞಾನಸ್ನಾನದ ನೀರು ಹಳೆಯದನ್ನೆಲ್ಲ ತೊಳೆಯುತ್ತದೆ, ಮೇಲೆದ್ದವನು ಹೊಸ ಮನುಷ್ಯ. ಯಹೂದಿಗಳಿಗೆ ಮುಚ್ಚಿದ್ದ ಹುದ್ದೆಗಳು ಹೀಗೆ ಮತಾಂತರಗೊಂಡವರಿಗೆ ತೆರೆದುಕೊಂಡವು. ಅವರ ಮಕ್ಕಳು, ಮೊಮ್ಮಕ್ಕಳು ನೋಟರಿಗಳಾದರು, ಕಂದಾಯ ವಸೂಲಿಯ ಗುತ್ತಿಗೆ ಹಿಡಿದರು, ಬಿಷಪ್ಪರೂ ಆದರು. ನೆರೆಕರೆಯವರ ಅಸೂಯೆಯ ಗಂಟು ಅಲ್ಲಿ ಬಿತ್ತು. ಯಹೂದಿ ಎಂಬ ಕಾರಣಕ್ಕೆ ತಡೆಯಬಹುದಾಗಿದ್ದವನನ್ನು ಈಗ ತಡೆಯಲು ಯಾವ ಕಾನೂನೂ ಇರಲಿಲ್ಲ, ಏಕೆಂದರೆ ಅವನೂ ಕ್ರೈಸ್ತನೇ.

1449ರ ಜನವರಿಯಲ್ಲಿ ರಾಜನ ಆಪ್ತ ಅಲ್ವಾರೊ ದೆ ಲೂನ ಯುದ್ಧದ ಖರ್ಚಿಗೆಂದು ತೊಲೆದೊ ನಗರದಿಂದ ಹತ್ತು ಲಕ್ಷ ಮರವೇದಿ ಸಾಲ ಕೇಳಿದ. ಮರವೇದಿ ಎಂದರೆ ಅಲ್ಲಿನ ನಾಣ್ಯ. ವಸೂಲಿಯ ಹಿಂದೆ ಮತಾಂತರಗೊಂಡ ಮನೆತನದ ವ್ಯಾಪಾರಿ ಅಲೋನ್ಸೊ ಕೋಟ ಇದ್ದಾನೆಂದು ಸುದ್ದಿ ಹಬ್ಬಿ, ಜನ ಅವನ ಮನೆಗೆ ಬೆಂಕಿ ಇಟ್ಟರು. ಕೋಟೆಯ ಅಧಿಕಾರ ಹಿಡಿದಿದ್ದ ಪೆರೊ ಸಾರ್ಮಿಯೆಂತೊ ಗಲಭೆಕೋರರ ಮುಂದಾಳುವಾದ. ಇಲ್ಲಿಯವರೆಗೆ ಇದು ತೆರಿಗೆಯ ಗಲಾಟೆ, ಅಂಥವು ಎಲ್ಲ ಕಾಲದಲ್ಲೂ ಆಗಿವೆ. ಆದರೆ ಜೂನ್ 5ರಂದು ಸಾರ್ಮಿಯೆಂತೊ ಮತ್ತು ಅವನ ಜೊತೆಗಾರರು ಒಂದು ಶಾಸನ ಹೊರಡಿಸಿದರು. ಯಹೂದಿ ವಂಶದಿಂದ ಬಂದ ಯಾವನೂ, ಅವನು ಕ್ರೈಸ್ತನೇ ಆಗಿದ್ದರೂ, ತೊಲೆದೊ ನಗರದಲ್ಲಿ ಸಾರ್ವಜನಿಕ ಹುದ್ದೆ ಹಿಡಿಯಕೂಡದು, ನೋಟರಿಯಾಗಕೂಡದು, ಹಳೆಯ ಕ್ರೈಸ್ತರ ವಿರುದ್ಧ ಸಾಕ್ಷಿ ನುಡಿಯಕೂಡದು. ಇದರ ಭಾಷೆಯನ್ನು ಗಮನಿಸಬೇಕು. ಅವರು ಏನು ನಂಬುತ್ತಾರೆ ಎಂದು ಶಾಸನ ಕೇಳುವುದೇ ಇಲ್ಲ, ಯಾರಿಗೆ ಹುಟ್ಟಿದರು ಎಂದಷ್ಟೇ ಕೇಳುತ್ತದೆ. "ಹಳೆಯ ಕ್ರೈಸ್ತ", "ಹೊಸ ಕ್ರೈಸ್ತ" ಎಂಬ ಮಾತುಗಳಲ್ಲಿ "ಹೊಸ" ಎಂಬುದು ಎರಡನೆಯ ತಲೆಮಾರಿಗೂ ಮೂರನೆಯ ತಲೆಮಾರಿಗೂ ಹಳತಾಗಲಿಲ್ಲ.

ಆ ಕಾಲದವರಿಗೆ ಇದು ತಪ್ಪೆಂದು ತಿಳಿದಿರಲಿಲ್ಲ ಎನ್ನುವಂತಿಲ್ಲ. ಪೋಪ್ ಐದನೆಯ ನಿಕೊಲಸರು ಅದೇ ಸೆಪ್ಟೆಂಬರಿನಲ್ಲಿ ಈ ಶಾಸನವನ್ನು ಖಂಡಿಸಿ, ಅದನ್ನು ಮಾಡಿದವರಿಗೆ ಬಹಿಷ್ಕಾರ ಹಾಕಿದರು. ಬುರ್ಗೋಸಿನ ಬಿಷಪ್ ಅಲೋನ್ಸೊ ದೆ ಕಾರ್ತಹೇನ ಕ್ರೈಸ್ತರ ಏಕತೆಯನ್ನು ಸಮರ್ಥಿಸಿ ದೊಡ್ಡ ಗ್ರಂಥವನ್ನೇ ಬರೆದರು. ಅವರ ತಂದೆ ಮೊದಲು ಅದೇ ಊರಿನಲ್ಲಿ ಯಹೂದಿಗಳ ರಬ್ಬಿಯಾಗಿದ್ದು, ಮತಾಂತರದ ಬಳಿಕ ಅಲ್ಲಿಯೇ ಬಿಷಪ್ಪರಾದವರು. ಮಗ ತಂದೆಯ ಪೀಠಕ್ಕೇ ಬಂದಿದ್ದರು. ಕುಲದ ಲೆಕ್ಕ ಹಿಡಿದರೆ ಜ್ಞಾನಸ್ನಾನಕ್ಕೆ ಬೆಲೆಯೇ ಇಲ್ಲ ಎಂಬುದು ಆ ವಾದದ ತಿರುಳು. ತರ್ಕದಲ್ಲಿ ಅವರದೇ ಗೆಲುವು. ಆದರೆ ಮುಂದಿನ ನೂರು ವರ್ಷಗಳಲ್ಲಿ ಕಾಲೇಜುಗಳು, ಸನ್ಯಾಸಿ ಮಠಗಳು, ಸೈನಿಕ ಪಂಗಡಗಳು, ಕೆಥೆಡ್ರಲುಗಳು ಒಂದೊಂದಾಗಿ ಇಂಥದೇ ನಿಯಮ ಮಾಡಿಕೊಂಡವು. ಇದಕ್ಕೆ ಅವರಿಟ್ಟ ಹೆಸರು "ಲಿಂಪಿಯೇಸ ದೆ ಸಾಂಗ್ರೆ", ಅಂದರೆ ರಕ್ತಶುದ್ಧಿ. 1547ರಲ್ಲಿ ತೊಲೆದೊ ಕೆಥೆಡ್ರಲಿನಲ್ಲಿ ಆ ನಿಯಮ ತಂದ ಆರ್ಚ್‌ಬಿಷಪ್ ಸಿಲಿಸೆಯೊ ಬಡ ರೈತರ ಮಗ. ಕುಲೀನ ಮನೆತನಗಳಲ್ಲಿ ಮದುವೆಗಳ ಮೂಲಕ ಯಹೂದಿ ವಂಶ ಬೆರೆತಿರುವ ಸಂಭವ ಹೆಚ್ಚು, ಊರು ಬಿಟ್ಟು ಕದಲದ ರೈತನ ವಂಶದಲ್ಲಿ ಕಡಿಮೆ. ಹಣವೂ ಇಲ್ಲದ, ಪದವಿಯೂ ಇಲ್ಲದ ಬಡವನಿಗೆ ದೊಡ್ಡವರೆದುರು ತಲೆಯೆತ್ತಿ ನಿಲ್ಲಲು ಈ ನಿಯಮ ಒಂದು ಆಸ್ತಿ ಕೊಟ್ಟಿತು. ರಕ್ತಶುದ್ಧಿ ಇಷ್ಟು ಕಾಲ ಬಾಳಿದ್ದಕ್ಕೆ ಮತಾಂಧತೆಗಿಂತ ಇದೇ ದೊಡ್ಡ ಕಾರಣವೆಂದು ನನಗೆ ಅನ್ನಿಸುತ್ತದೆ.

ರಕ್ತ ಶುದ್ಧವೋ ಅಶುದ್ಧವೋ ಎಂದು ನೋಡುವುದು ಹೇಗೆ? ಸೀಳಿ ನೋಡಿದರೆ ಎಲ್ಲರದ್ದೂ ಕೆಂಪೇ. ಆದ್ದರಿಂದ ಒಂದು ವಿಧಾನ ಬೇಕಾಯಿತು, ಆ ವಿಧಾನವೇ ಈ ಕಥೆಯ ಹೃದಯ. ಕೆಥೆಡ್ರಲಿನ ಹುದ್ದೆಗೆ ಒಬ್ಬ ಅರ್ಜಿ ಹಾಕಿದನೆಂದು ಇಟ್ಟುಕೊಳ್ಳಿ. ಅವನು ಮೊದಲು ತನ್ನ ವಂಶಾವಳಿ ಬರೆದುಕೊಡಬೇಕು: ತಂದೆ, ತಾಯಿ, ಇಬ್ಬರು ಅಜ್ಜಂದಿರು, ಇಬ್ಬರು ಅಜ್ಜಿಯಂದಿರು, ಪ್ರತಿಯೊಬ್ಬರ ಹುಟ್ಟೂರು. ಜೊತೆಗೆ ತನಿಖೆಯ ಖರ್ಚಿಗೆ ಹಣವನ್ನು ಮುಂಗಡವಾಗಿ ಕಟ್ಟಬೇಕು. ಸಂಸ್ಥೆ ಒಬ್ಬ ತನಿಖಾಧಿಕಾರಿಯನ್ನು ನೇಮಿಸುತ್ತದೆ. ಅವನು ಬರಹಗಾರನೊಬ್ಬನನ್ನು ಕರೆದುಕೊಂಡು ಆ ಊರುಗಳಿಗೆಲ್ಲ ಹೋಗುತ್ತಾನೆ. ಪ್ರತಿ ಊರಿನಲ್ಲಿ ವಯಸ್ಸಾದ, ಹಳೆಯ ಕ್ರೈಸ್ತರೆಂದೇ ಹೆಸರಾದ ಕೆಲವರನ್ನು ಕರೆಸಿ, ಪ್ರಮಾಣ ಮಾಡಿಸಿ, ಮೊದಲೇ ಸಿದ್ಧವಾದ ಪ್ರಶ್ನಾವಳಿಯಿಂದ ಕೇಳುತ್ತಾನೆ. ಅರ್ಜಿದಾರನನ್ನು ಬಲ್ಲಿರಾ, ಅವನ ತಂದೆತಾಯಿ, ಅಜ್ಜ ಅಜ್ಜಿಯರನ್ನು ಬಲ್ಲಿರಾ, ನೀವು ಅವನ ನೆಂಟರೋ ಶತ್ರುವೋ, ಇವರೆಲ್ಲರೂ ಯಹೂದಿ, ಮೂರ್ ಅಥವಾ ಹೊಸದಾಗಿ ಮತಾಂತರಗೊಂಡವರ ಕಲೆಯಿಲ್ಲದ ಹಳೆಯ ಕ್ರೈಸ್ತರು ಹೌದೋ? ಸ್ಪೇನಿನ ಮುಸ್ಲಿಮರನ್ನು ಅಲ್ಲಿ ಮೂರ್ ಎನ್ನುತ್ತಿದ್ದರು. ಕೊನೆಯದಾಗಿ, ಊರಿನ ಬಾಯಲ್ಲಿ ಇವರ ಬಗ್ಗೆ ಇರುವ ಮಾತು ಏನು?

ಈ ಕೊನೆಯ ಪ್ರಶ್ನೆಗೇ ಎಲ್ಲಕ್ಕಿಂತ ತೂಕ. "ಪೂಬ್ಲಿಕ ಬೋಸ್ ಇ ಫಾಮ" ಎಂದು ಅದಕ್ಕೆ ಕಾನೂನಿನ ಹೆಸರೇ ಇತ್ತು: ಜನರ ಬಾಯಿಮಾತು ಮತ್ತು ಹೆಸರು. ಊರಿನವರು ಹಾಗನ್ನುತ್ತಾರೆ ಎಂಬುದೇ ಸಾಕ್ಷ್ಯ. ಇದರ ಫಲವನ್ನು ನೀವೇ ಊಹಿಸಬಹುದು. ಹಳೆಯ ಗಡಿ ತಕರಾರು, ಮುರಿದುಬಿದ್ದ ನೆಂಟಸ್ತಿಕೆ, ತೀರದ ಸಾಲ, ಎಲ್ಲವೂ ಅಜ್ಜಿಯ ಕುಲದ ಸಂಶಯವಾಗಿ ಮಾರ್ಪಟ್ಟು ಹೊರಬರುತ್ತಿದ್ದವು. ಮನೆತನಗಳ ಗುಟ್ಟುಗಳನ್ನು ಕಲೆಹಾಕಿಟ್ಟುಕೊಂಡು, ಬಾಯಿ ಮುಚ್ಚಿರಲು ಹಣ ಕೇಳುವ ವೃತ್ತಿಗಾರರೇ ಹುಟ್ಟಿಕೊಂಡರು. "ಹಸುರು ಪುಸ್ತಕ" ಎಂಬ ಹೆಸರಿನ ಕೈಬರಹದ ವಂಶಾವಳಿಗಳು ಕೈಯಿಂದ ಕೈಗೆ ಓಡಾಡಿದವು. ಕಡೆಗೆ 1623ರಲ್ಲಿ ಸರ್ಕಾರವೇ ಅವುಗಳನ್ನು ನಿಷೇಧಿಸಿ, ಹೆಸರಿಲ್ಲದ ದೂರುಗಳನ್ನು ತನಿಖೆಗೆ ತೆಗೆದುಕೊಳ್ಳಬಾರದೆಂದು ಆಜ್ಞೆ ಮಾಡಬೇಕಾಯಿತು.

ಇನ್ನೊಂದು ದಾಖಲೆ ಚರ್ಚಿನ ಗೋಡೆಯ ಮೇಲೇ ತೂಗುತ್ತಿತ್ತು. ಮತವಿಚಾರಣಾ ನ್ಯಾಯಾಲಯ, ಅಂದರೆ ಇನ್‌ಕ್ವಿಸಿಶನ್, ಶಿಕ್ಷಿಸಿದವರಿಗೆ ತೊಡಿಸುತ್ತಿದ್ದ ನಿಲುವಂಗಿಯನ್ನು ಶಿಕ್ಷೆ ಮುಗಿದ ಮೇಲೆ ಅವರ ಹೆಸರು ಬರೆದು ಅವರ ಊರಿನ ಚರ್ಚಿನಲ್ಲೇ ನೇತುಹಾಕುತ್ತಿದ್ದರು. ಬಟ್ಟೆ ಹಳೆಯದಾಗಿ ಹರಿದರೆ ಹೊಸ ಬಟ್ಟೆಗೆ ಅದೇ ಹೆಸರು ಬರೆದು ಮತ್ತೆ ತೂಗುಹಾಕುವುದು. ಸತ್ತ ಅಜ್ಜನ ಹೆಸರನ್ನು ಮೊಮ್ಮಗ ಪ್ರತಿ ಭಾನುವಾರ ಪೂಜೆಯ ಹೊತ್ತಿಗೆ ಓದಬೇಕು, ಅವನು ಓದುವುದನ್ನು ಊರು ನೋಡಬೇಕು.

ಒಂದು ಮನೆತನದ ಉದಾಹರಣೆ ಕೊಡುತ್ತೇನೆ. ಮಂಗಳೂರಿನ ಕೆಥೊಲಿಕರಿಗೆ, ಅದರಲ್ಲೂ ಕಾರ್ಮೆಲ್ ಸಭೆಯ ಪರಿಚಯವಿರುವವರಿಗೆ, ಅವಿಲದ ಸಂತ ತೆರೇಸಾ ಅವರ ಹೆಸರನ್ನು ನಾನು ಪರಿಚಯಿಸಬೇಕಿಲ್ಲ. ಅವರ ಅಜ್ಜ ಹುವಾನ್ ಸಾಂಚೆಸ್ ತೊಲೆದೊದ ಬಟ್ಟೆ ವ್ಯಾಪಾರಿ, ಮತಾಂತರಗೊಂಡ ಯಹೂದಿ ಮನೆತನದವರು. 1485ರಲ್ಲಿ ಅವರು ಇನ್‌ಕ್ವಿಸಿಶನ್ನಿನ ಮುಂದೆ ತಪ್ಪೊಪ್ಪಿಕೊಂಡು, ಪ್ರಾಯಶ್ಚಿತ್ತದ ನಿಲುವಂಗಿ ತೊಟ್ಟು, ವಾರ ವಾರವೂ ಶುಕ್ರವಾರದಂದು ನಗರದ ಚರ್ಚುಗಳಿಗೆ ಮೆರವಣಿಗೆಯಲ್ಲಿ ನಡೆದರು. ಆಮೇಲೆ ಸಂಸಾರ ಅವಿಲಕ್ಕೆ ಹೋಗಿ ನೆಲೆಸಿತು. 1519ರ ಹೊತ್ತಿಗೆ ಅವರ ಗಂಡುಮಕ್ಕಳು ತಾವು ಕುಲೀನರು, ತಮ್ಮ ಮೇಲೆ ತೆರಿಗೆ ಹಾಕುವಂತಿಲ್ಲ ಎಂದು ದಾವೆ ಹೂಡಿದರು. ಸಾಕ್ಷಿಗಳ ಬಾಯಿಂದ ಹಳೆಯ ಮೆರವಣಿಗೆಯ ಕಥೆ ಹೊರಬಂತು. ಆದರೂ ದಾವೆ ಗೆದ್ದಿತು, ಹಣ ಮತ್ತು ಪರಿಚಯ ತಮ್ಮ ಕೆಲಸ ಮಾಡಿದವು. ಆ ಮಕ್ಕಳಲ್ಲೊಬ್ಬರ ಮಗಳು ತೆರೇಸಾ. 1622ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಆ ದಾವೆಯ ಕಾಗದಗಳು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಕಡತದಲ್ಲಿ ಮಲಗಿದ್ದವು. ರಕ್ತದಿಂದ ಗುಣ ಹರಿಯುತ್ತದೆಂದು ನಂಬಿದ ನಾಡಿನ ಅತ್ಯಂತ ದೊಡ್ಡ ಸಂತರೊಬ್ಬರು ಆ ನಾಡಿನ ಲೆಕ್ಕದಲ್ಲಿ ಅಶುದ್ಧ ರಕ್ತದವರು. ಇದಕ್ಕಿಂತ ಹೆಚ್ಚು ನಾನು ಹೇಳಬೇಕಾಗಿಲ್ಲ.

ಜನಾಂಗ ಎಂಬ ಅರ್ಥದ ಇಂಗ್ಲಿಷಿನ "ರೇಸ್" ಪದಕ್ಕೆ ಸ್ಪಾನಿಶ್ ಭಾಷೆಯಲ್ಲಿ "ರಾಸ" ಎಂಬ ದಾಯಾದಿ ಇದೆ. 1611ರಲ್ಲಿ ಕೊವರ್ರೂಬಿಯಾಸ್ ಎಂಬಾತ ಅಚ್ಚು ಹಾಕಿಸಿದ ಸ್ಪಾನಿಶ್ ನಿಘಂಟಿನಲ್ಲಿ ಆ ಪದದ ವಿವರಣೆ ಹೀಗಿದೆ: ರಾಸ ಎಂದರೆ ಗುರುತಿಗಾಗಿ ಬರೆ ಹಾಕಿದ ಒಳ್ಳೆಯ ತಳಿಯ ಕುದುರೆಗಳ ಜಾತಿ, ಮನುಷ್ಯರ ವಂಶದ ಬಗ್ಗೆ ಹೇಳುವಾಗ ಅದಕ್ಕೆ ಕೆಟ್ಟ ಅರ್ಥ, ಮೂರ್ ಅಥವಾ ಯಹೂದಿಯ ರಾಸ ಇರುವುದು ಎಂಬಂತೆ. ಕುದುರೆ ಲಾಯದ ಪದವೊಂದು ಮನುಷ್ಯರಿಗೆ ಬಂದಾಗ ಅದು ಮೊದಲು ಅಂಟಿಕೊಂಡಿದ್ದು ಮೈಬಣ್ಣಕ್ಕಲ್ಲ, ಮತಕ್ಕೆ. ಮೊದಲು ಬಣ್ಣದ ಜನಾಂಗಗಳಿದ್ದವು, ಮತವನ್ನು ಆಮೇಲೆ ಆ ಅಚ್ಚಿಗೆ ಹೊಯ್ದರು ಎಂಬ ಸಾಮಾನ್ಯ ತಿಳುವಳಿಕೆಯನ್ನು ಈ ಒಂದು ವಿವರಣೆ ಅಲ್ಲಾಡಿಸುತ್ತದೆ.

ಇದೆಲ್ಲ ದೂರದ ಸಂಗತಿ ಎಂದು ನಮ್ಮ ಕರಾವಳಿಯವರು ಹೇಳುವಂತಿಲ್ಲ. ಪೋರ್ಚುಗಲ್ ತನ್ನ ಯಹೂದಿಗಳನ್ನು 1497ರಲ್ಲಿ ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿತು. ಅಲ್ಲಿಯೂ ಹಳೆಯ ಕ್ರೈಸ್ತ, ಹೊಸ ಕ್ರೈಸ್ತ ಎಂಬ ಭೇದ ಬಂತು, ಹಡಗು ಹತ್ತಿ ಗೋವೆಗೂ ಬಂತು. 1534ರಲ್ಲಿ ಗೋವೆಗೆ ಬಂದಿಳಿದ ವೈದ್ಯ ಗಾರ್ಸಿಯ ದ ಓರ್ತ ಅಂಥ ಹೊಸ ಕ್ರೈಸ್ತ ಮನೆತನದವರು. ನಮ್ಮ ಏಲಕ್ಕಿ, ಶುಂಠಿ, ಮಾವು, ಹಲಸುಗಳ ಗುಣವನ್ನು ಕೇಳಿ ತಿಳಿದು, ನೋಡಿ, ಸಂಭಾಷಣೆಯ ರೂಪದಲ್ಲಿ ಬರೆದ ಅವರ ಪುಸ್ತಕ 1563ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ಅದಕ್ಕೆ ಮೂರು ವರ್ಷ ಮೊದಲೇ ಇನ್‌ಕ್ವಿಸಿಶನ್ ಅಲ್ಲಿ ಕಚೇರಿ ತೆರೆದಿತ್ತು. ಓರ್ತ 1568ರಲ್ಲಿ ತೀರಿಕೊಂಡರು. ಮರುವರ್ಷ ಅವರ ತಂಗಿ ಕತಾರಿನಾ ಅವರನ್ನು ಗುಟ್ಟಾಗಿ ಯಹೂದಿ ಆಚರಣೆ ಮಾಡಿದರೆಂಬ ಆರೋಪದ ಮೇಲೆ ಸುಟ್ಟರು. 1580ರಲ್ಲಿ, ಸತ್ತು ಹನ್ನೆರಡು ವರ್ಷವಾದ ಮೇಲೆ, ಓರ್ತ ಅವರ ಎಲುಬುಗಳನ್ನು ಅಗೆದು ತೆಗೆದು ಸುಡಲಾಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಹೇಳಬೇಕು. ಇನ್‌ಕ್ವಿಸಿಶನ್ ಹೊರಿಸುತ್ತಿದ್ದ ಆರೋಪ ನಂಬಿಕೆಯ ಬಗ್ಗೆ, ರಕ್ತದ ಬಗ್ಗೆ ಅಲ್ಲ; ಕಾಗದದ ಮೇಲೆ ಅದು ಮತದ ನ್ಯಾಯಾಲಯವೇ. ಬರೀ ಅಷ್ಟೇ ಆಗಿದ್ದರೆ ಅದನ್ನು ಮತಪೀಡನೆ ಎನ್ನಬೇಕು, ಜನಾಂಗೀಕರಣ ಎನ್ನಬಾರದು. ಎರಡನ್ನೂ ಒಂದೇ ಎನ್ನುವ ಬರಹಗಳು ಬಹಳ ಇವೆ, ಅದರಿಂದ ವಿಷಯ ಮಸುಕಾಗುತ್ತದೆ. ಮತಪೀಡಕನು "ಬಿಟ್ಟುಬಿಡು, ನಮ್ಮವನಾಗು" ಎನ್ನುತ್ತಾನೆ. ಜನಾಂಗದ ಕಣ್ಣಿನವನು "ನೀನು ಬಿಟ್ಟರೂ ಬಿಡದಿದ್ದರೂ ಅದೇ" ಎನ್ನುತ್ತಾನೆ. ಆದರೆ ಯಾರ ಮನೆಯ ಅಡುಗೆಯನ್ನು ಮೂಸಿ ನೋಡಬೇಕು, ಯಾರು ಶನಿವಾರ ಶುಭ್ರ ಬಟ್ಟೆ ಉಟ್ಟರೆ ಸಂಶಯ ಪಡಬೇಕು ಎಂಬುದನ್ನು ನಿರ್ಧರಿಸುತ್ತಿದ್ದದ್ದು ವಂಶ. ಆರೋಪ ನಂಬಿಕೆಯದ್ದು, ಸಂಶಯ ರಕ್ತದ್ದು. ಹೀಗೆ ಎರಡೂ ಒಂದಕ್ಕೊಂದು ಕೈ ಹಿಡಿದು ನಡೆದವು. ಮೂರ್ ವಂಶದ ಕ್ರೈಸ್ತರನ್ನು ಮಾತ್ರ ಸ್ಪೇನ್ ಒಬ್ಬೊಬ್ಬರಾಗಿ ವಿಚಾರಿಸುವ ಗೋಜಿಗೇ ಹೋಗದೆ, 1609ರಿಂದ 1614ರೊಳಗೆ ಸುಮಾರು ಮೂರು ಲಕ್ಷ ಮಂದಿಯನ್ನು ಹಡಗಿಗೆ ತುಂಬಿ ಹೊರಹಾಕಿತು. ಅವರೆಲ್ಲರಿಗೂ ಜ್ಞಾನಸ್ನಾನವಾಗಿತ್ತು.

ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. "ಮಾಷ್ಟ್ರೇ, ಹುಟ್ಟಿನಿಂದ ಮೇಲು ಕೀಳು, ಅದು ತೊಳೆದರೂ ಹೋಗುವುದಿಲ್ಲ ಎಂಬುದು ನಮಗೆ ಸ್ಪೇನಿನವರು ಕಲಿಸಬೇಕಾ? ಇದು ನಮ್ಮ ಜಾತಿಯೇ ಅಲ್ಲವಾ?" ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಇಂಗ್ಲಿಷಿನ "ಕಾಸ್ಟ್" ಪದವೇ ಈ ಕರಾವಳಿಯಲ್ಲಿ ಪೋರ್ಚುಗೀಸರು ನಮ್ಮ ಜಾತಿಗಳನ್ನು ಕಂಡು ಬಳಸಿದ "ಕಾಸ್ತ" ಎಂಬ ಪದದಿಂದ ಬಂದದ್ದು. ಅವರ ಭಾಷೆಯಲ್ಲಿ ಅದಕ್ಕೆ ತಳಿ, ವಂಶ ಎಂಬ ಅರ್ಥ. ಅವರು ತಮ್ಮ ಮನೆಯ ಕನ್ನಡಿಯಲ್ಲೇ ನಮ್ಮನ್ನು ನೋಡಿದರು. ಇನ್ನು ನಮ್ಮ ಕಡೆಯಿಂದ ನೋಡಿದರೆ, ಮಂಗಳೂರಿನ ಕೊಂಕಣಿ ಕೆಥೊಲಿಕರಲ್ಲಿ ಬಾಮಣ್, ಚಾರೊಡಿ, ಶೂದಿರ್ ಎಂಬ ವಿಂಗಡಣೆ ಮತಾಂತರವಾಗಿ ನಾಲ್ಕು ಶತಮಾನಗಳಾದರೂ ಮದುವೆಯ ಮಾತಿನ ಹೊತ್ತಿಗೆ ಪೂರ್ತಿ ಮರೆತುಹೋಗಿಲ್ಲವೆಂದು ಆ ಸಮುದಾಯದವರೇ ಬರೆದಿದ್ದಾರೆ. ತುಳುವಿನಲ್ಲಿ ಅವರನ್ನು "ಪೊರ್ಬು" ಎನ್ನುವುದರಲ್ಲಿ ಪ್ರಭು ಎಂಬ ಹಳೆಯ ಮನೆತನದ ಹೆಸರೇ ಉಳಿದಿದೆ.

ಆದರೂ ಎರಡನ್ನೂ ಒಂದೇ ಎನ್ನಲು ನನಗೆ ಮನಸ್ಸಿಲ್ಲ. ಜಾತಿ ಒಂದೇ ವ್ಯವಸ್ಥೆಯೊಳಗೆ ಎಲ್ಲರಿಗೂ ಒಂದೊಂದು ಮೆಟ್ಟಿಲು ಕೊಡುತ್ತದೆ, ತೀರಾ ಕೆಳಗಿನವನಿಗೆ ತುಳಿಯುವ ಕಲ್ಲಾಗಿ ಇರುವ ಜಾಗವನ್ನು ಕೊಡುತ್ತದೆ. ಮತದ ಜನಾಂಗೀಕರಣ ಮೆಟ್ಟಿಲನ್ನು ಕೊಡುವುದಿಲ್ಲ. ಇವನು ಈ ಮನೆಯವನೇ ಅಲ್ಲ, ಎಂದೋ ನುಸುಳಿ ಬಂದವನು, ಒಳಗಿದ್ದೇ ಕೇಡು ಮಾಡುವವನು ಎನ್ನುತ್ತದೆ. ಜೊತೆಗೆ, ಒಂದು ಮತದೊಳಗಿನ ಒಳಭೇದಗಳನ್ನೆಲ್ಲ ಅಳಿಸಿ ಎಲ್ಲರನ್ನೂ ಒಂದೇ ಮುದ್ದೆ ಮಾಡುತ್ತದೆ. ಬ್ಯಾರಿ ಮಾತನಾಡುವ ಉಳ್ಳಾಲದ ವ್ಯಾಪಾರಿ, ಉರ್ದು ಮಾತನಾಡುವ ಕಾರ್ಕಳದ ಮನೆಯವರು, ನವಾಯತಿ ಮಾತನಾಡುವ ಭಟ್ಕಳದವರು ತಮ್ಮ ತಮ್ಮೊಳಗೆ ಎಷ್ಟು ಬೇರೆ ಎಂಬುದು ನಮ್ಮೂರಿನಲ್ಲಿ ನಮಗೆಲ್ಲ ಗೊತ್ತು. "ಅವರು ಅವರೇ" ಎಂಬ ಮಾತು ಬಂದ ಕೂಡಲೇ ಆ ತಿಳುವಳಿಕೆ ಎಲ್ಲಿಯೋ ಹೋಗಿಬಿಡುತ್ತದೆ.

ಈ ಮುದ್ದೆ ಕಟ್ಟುವ ಕೆಲಸ ನಮ್ಮ ಮೇಲೆಯೇ ನಡೆದ ಒಂದು ಉದಾಹರಣೆ ಇದೆ. ಅಮೆರಿಕದ ಜನಗಣತಿಯಲ್ಲಿ 1920, 1930 ಮತ್ತು 1940ರಲ್ಲಿ ಜನಾಂಗದ ಅಂಕಣದಲ್ಲಿ "ಹಿಂದೂ" ಎಂಬ ಒಂದು ವರ್ಗವಿತ್ತು. ಮತದ ಅಂಕಣದಲ್ಲಿ ಅಲ್ಲ, ಬಿಳಿಯ, ನೀಗ್ರೊ, ಚೀನೀಯ, ಜಪಾನೀಯ ಎಂಬವುಗಳ ಸಾಲಿನಲ್ಲಿ. ತಮಾಷೆ ಏನೆಂದರೆ ಕ್ಯಾಲಿಫೋರ್ನಿಯದ ಹೊಲಗಳಲ್ಲಿ ಹೀಗೆ ಹಿಂದೂ ಎಂದು ಬರೆಸಿಕೊಂಡವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು, ಮುಸ್ಲಿಮರೂ ಇದ್ದರು.

ಭಗತ್ ಸಿಂಗ್ ಥಿಂಡ್ ಎಂಬ ಸಿಖ್ ತರುಣ ಒಂದನೆಯ ಮಹಾಯುದ್ಧದಲ್ಲಿ ಪೇಟ ಕಟ್ಟಿಕೊಂಡೇ ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿ, 1920ರಲ್ಲಿ ಅಲ್ಲಿನ ಪೌರತ್ವ ಪಡೆದ. 1790ರ ಕಾನೂನಿನ ಪ್ರಕಾರ ಪೌರತ್ವ "ಸ್ವತಂತ್ರ ಬಿಳಿಯ"ರಿಗೆ. ಆಮೇಲೆ ಆಫ್ರಿಕ ಮೂಲದವರನ್ನು ಸೇರಿಸಿದ್ದರು, ಏಷ್ಯದವರನ್ನು ಸೇರಿಸಿರಲಿಲ್ಲ. ಸರ್ಕಾರ ತಕರಾರು ಮಾಡಿದಾಗ ಥಿಂಡ್ ಪರವಾಗಿ ಹೂಡಿದ ವಾದ ನನಗೆ ಇಂದಿಗೂ ಮುಜುಗರ ತರುತ್ತದೆ: ಇವನು ಮೇಲ್ಜಾತಿಯ ಆರ್ಯ, ಆದ್ದರಿಂದ ಮಾನವಶಾಸ್ತ್ರದ ಪ್ರಕಾರ ಬಿಳಿಯ. ಒಂದು ರಕ್ತದ ಲೆಕ್ಕದಿಂದ ತಪ್ಪಿಸಿಕೊಳ್ಳಲು ಇನ್ನೊಂದು ರಕ್ತದ ಲೆಕ್ಕ. 1923ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳುವಳಿಕೆಯಲ್ಲಿ ಇವನು ಬಿಳಿಯನಲ್ಲ ಎಂಬುದೇ ಸಾಕು ಎಂದಿತು. ತೊಲೆದೊದ "ಊರ ಬಾಯಿಮಾತು" ಎಂಬ ಸಾಕ್ಷ್ಯ ನೆನಪಾಗುವುದಿಲ್ಲವೇ? ಸಿಖ್ಖನಾದ ಥಿಂಡ್ ಆ ತೀರ್ಪಿನ ಉದ್ದಕ್ಕೂ ಮೇಲ್ಜಾತಿಯ ಹಿಂದೂ. ಅದರ ಆಧಾರದ ಮೇಲೆ, ಅದಾಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವ ರದ್ದಾಯಿತು. ಥಿಂಡ್ ಮಾತ್ರ ಮಾಜಿ ಸೈನಿಕರಿಗಾಗಿ ಮಾಡಿದ ಕಾನೂನಿನ ನೆರವಿನಿಂದ 1936ರಲ್ಲಿ ಮತ್ತೆ ಪೌರನಾದ.

ಅದೇ ಪೇಟ 2001ರ ಸೆಪ್ಟೆಂಬರಿನಲ್ಲಿ ಇನ್ನೊಂದು ಹೆಸರು ಪಡೆಯಿತು. ನ್ಯೂಯಾರ್ಕಿನ ದಾಳಿಯಾದ ನಾಲ್ಕನೆಯ ದಿನ ಅರಿಜೋನದಲ್ಲಿ ತನ್ನ ಪೆಟ್ರೋಲ್ ಬಂಕಿನ ಎದುರು ನಿಂತಿದ್ದ ಸಿಖ್ಖನೊಬ್ಬನನ್ನು ಮುಸ್ಲಿಮನೆಂದು ತಿಳಿದು ಗುಂಡಿಕ್ಕಿ ಕೊಂದರು. ಇದನ್ನು ಎಲ್ಲರೂ "ಗುರುತು ತಪ್ಪಿದ ಕೊಲೆ" ಎನ್ನುತ್ತಾರೆ. ಆ ಮಾತಿನಲ್ಲಿ ನನಗೆ ಒಂದು ಅಪಾಯ ಕಾಣುತ್ತದೆ, ಸರಿಯಾದ ಗುರುತು ಇದ್ದಿದ್ದರೆ ಆಗಬಹುದಿತ್ತು ಎಂಬಂತೆ. ಕೊಂದವನ ಕಣ್ಣಿಗೆ ಬೇಕಿದ್ದದ್ದು ಮತವಲ್ಲ. ಗಡ್ಡ, ಪೇಟ, ಕಂದು ಮೈ. ಆ ಮೂರೂ ಅಲ್ಲಿದ್ದವು. ಮತವೊಂದು ಮೈಯ ಗುರುತಾಗಿ ಬದಲಾದ ಮೇಲೆ ಆ ಮತಕ್ಕೆ ಸೇರದವನೂ ಅದರ ಬೆಲೆ ತೆರಬೇಕಾಗುತ್ತದೆ.

ಕೊನೆಗೆ ಕಾನೂನು ಓದುವ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಹಾಗಾದರೆ ಕಾನೂನಿನಲ್ಲಿ ಜನಾಂಗ ಎಂಬ ಪದವನ್ನೇ ತೆಗೆದುಹಾಕಿದರೆ ಆಗುವುದಿಲ್ಲವಾ?" ಅದಕ್ಕೆ ಉತ್ತರವಾಗಿ ನಾನು ಬ್ರಿಟನ್ನಿನ ಒಂದು ಮೊಕದ್ದಮೆ ಹೇಳಿದೆ. ಬರ್ಮಿಂಗ್‌ಹ್ಯಾಮಿನ ಒಂದು ಖಾಸಗಿ ಶಾಲೆ, ಪೇಟ ತೆಗೆದು ಕೂದಲು ಕತ್ತರಿಸಿದರೆ ಮಾತ್ರ ಸೀಟು ಎಂದು ಸಿಖ್ ಹುಡುಗನೊಬ್ಬನನ್ನು ಹಿಂದಕ್ಕೆ ಕಳಿಸಿತು. ಅಲ್ಲಿನ 1976ರ ಕಾನೂನು ಜನಾಂಗದ ಆಧಾರದ ಭೇದಭಾವವನ್ನು ನಿಷೇಧಿಸಿತ್ತು, ಮತದ ಆಧಾರದ್ದನ್ನಲ್ಲ. ಆದ್ದರಿಂದ ರಕ್ಷಣೆ ಬೇಕೆಂದರೆ ಸಿಖ್ಖರು ತಾವು ಬರೀ ಮತವಲ್ಲ, ಒಂದು ಜನಾಂಗೀಯ ಸಮುದಾಯ ಎಂದು ಸಾಬೀತು ಮಾಡಬೇಕಿತ್ತು. 1983ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಒಪ್ಪಿತು. ಜನಾಂಗದ ಚೌಕಟ್ಟಿಗೆ ತಳ್ಳಲ್ಪಟ್ಟವರೇ ರಕ್ಷಣೆಗಾಗಿ ಆ ಚೌಕಟ್ಟಿನ ಬಾಗಿಲು ತಟ್ಟಬೇಕಾದ ವಿಚಿತ್ರ ಇದು. ಹಲವು ದೇಶ, ಹಲವು ಮೂಲಗಳಿಂದ ಬಂದ ಬ್ರಿಟನ್ನಿನ ಮುಸ್ಲಿಮರಿಗೆ ಆ ಬಾಗಿಲೂ ತೆರೆಯಲಿಲ್ಲ, ಮತದ ಹೆಸರಿನ ರಕ್ಷಣೆ ಬರುವವರೆಗೆ ಅವರು ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು.

ಆದರೆ ಆ ತೀರ್ಪು ಬರೆದ ಲಾರ್ಡ್ ಫ್ರೇಸರ್ ಜನಾಂಗೀಯ ಸಮುದಾಯ ಎಂದರೇನು ಎಂದು ವಿವರಿಸುವಾಗ ರಕ್ತಕ್ಕೆ ಪಟ್ಟ ಕಟ್ಟಲಿಲ್ಲ. ತಮ್ಮದೆಂದು ನೆನಪಿಟ್ಟುಕೊಂಡ ದೀರ್ಘ ಚರಿತ್ರೆ ಮತ್ತು ತಮ್ಮದೇ ಆದ ನಡೆನುಡಿಯ ಪರಂಪರೆ, ಇವೆರಡು ಕಡ್ಡಾಯವೆಂದರು. ಸಮಾನ ಮೂಲ, ಭಾಷೆ, ಸಾಹಿತ್ಯ ಮುಂತಾದವು ಇದ್ದರೆ ಒಳ್ಳೆಯದು ಎಂದಷ್ಟೇ ಹೇಳಿದರು. ಬಳಿಕ ಒಂದು ವಾಕ್ಯ ಸೇರಿಸಿದರು. ಇಂಥ ಸಮುದಾಯದೊಳಕ್ಕೆ ಮತಾಂತರದಿಂದ ಬಂದವರೂ, ಮದುವೆಯಾಗಿ ಬಂದವರೂ ಸೇರಬಹುದು, ಬಿಟ್ಟು ಹೋದವರು ಅದರ ಹೊರಗೆ ಉಳಿಯಬಹುದು. ತೊಲೆದೊದವರು 1449ರಲ್ಲಿ ಮುಚ್ಚಿದ್ದು ಈ ಬಾಗಿಲನ್ನೇ. ನನ್ನ ವಿದ್ಯಾರ್ಥಿಗೆ ಮನೆ ಕೊಡದವರು ಕೇಳಿದ ಪ್ರಶ್ನೆಯಲ್ಲಿಯೂ ಅದು ಮುಚ್ಚಿಯೇ ಇತ್ತು.